ಝೋನ್ ತಪ್ಪು, ಗಡಿಯಾರ ಸರಿ

ಮೂಕಂಡಪಲ್ಲಿಯ ನಮ್ಮ ಮನೆಯಿಂದ ಬೆಂಗಳೂರಿಗೆ ಹೊರಟರೆ ಅತ್ತಿಬೆಲೆಯಲ್ಲಿ ರಾಜ್ಯ ಬದಲಾಗುತ್ತದೆ, ಬೋರ್ಡಿನ ಭಾಷೆ ಬದಲಾಗುತ್ತದೆ, ಮೊಬೈಲಿನ ಗಡಿಯಾರ ಮಾತ್ರ ಬದಲಾಗುವುದಿಲ್ಲ. ಇಡೀ ಭಾರತಕ್ಕೆ ಒಂದೇ ಸಮಯ. ಹಾಗಾಗಿ ಈ ತಲೆನೋವು ನಮ್ಮ ಮನೆಗೆ ಬಂದದ್ದು ಹೊಸೂರಿನ ಗಡಿಯಿಂದಲ್ಲ, ದುಬೈಯಿಂದ.

ಹೋದ ಸಲ ಭಾವ ರಜೆಗೆ ಬಂದಾಗ ಒಂದು ರಾತ್ರಿ ನಮ್ಮಲ್ಲಿ ಉಳಿದರು. ಬೆಳಿಗ್ಗೆ ಮಂಗಳೂರಿನ ಬಸ್ ಹಿಡಿಯಬೇಕಿತ್ತು. ನಾಲ್ಕೂವರೆಗೆ ಅಲಾರಂ ಇಟ್ಟು ಮಲಗಿದರು. ಅದು ಹೊಡೆದಾಗ ನಮ್ಮ ಗೋಡೆ ಗಡಿಯಾರದಲ್ಲಿ ಆರು ಗಂಟೆ. ಬಸ್ ತಪ್ಪಿತು. ಊರಲ್ಲಿ ಉಮ್ಮ ಮಧ್ಯಾಹ್ನದ ಅಡುಗೆ ಮಾಡಿ ರಾತ್ರಿವರೆಗೆ ಕಾದರು.

"ವೈಫೈ ಇತ್ತಲ್ಲ, ಟೈಮ್ ಯಾಕೆ ಸರಿಯಾಗಲಿಲ್ಲ?" ಎಂದು ಭಾವ ಕೇಳಿದರು. ಅಲ್ಲೇ ಇರುವುದು ವಿಷಯ. ಇಂಟರ್ನೆಟ್ ಫೋನಿಗೆ ಕೊಡುವುದು ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯವನ್ನು. ಅದಕ್ಕೆ ಎಷ್ಟು ಗಂಟೆ ಸೇರಿಸಬೇಕು ಎಂಬುದೇ ಟೈಮ್ ಝೋನ್. ದುಬೈಗೆ ನಾಲ್ಕು ಗಂಟೆ, ನಮಗೆ ಐದೂವರೆ. ಈ ಝೋನನ್ನು ಫೋನಿಗೆ ಸಾಮಾನ್ಯವಾಗಿ ತಿಳಿಸುವುದು ಸಿಮ್ ನೋಂದಾಯಿಸಿಕೊಂಡ ನೆಟ್‌ವರ್ಕ್. ಭಾವನ ದುಬೈ ಸಿಮ್ಮಿಗೆ ರೋಮಿಂಗ್ ಇರಲಿಲ್ಲ, ಇಲ್ಲಿನ ಯಾವ ನೆಟ್‌ವರ್ಕಿಗೂ ಅದು ಸೇರಲಿಲ್ಲ. ಕೆಲವು ಫೋನ್‌ಗಳು ಲೊಕೇಶನ್ ನೋಡಿ ಝೋನ್ ಕಂಡುಕೊಳ್ಳುತ್ತವೆ, ಅವರು ಅದನ್ನೂ ಆಫ್ ಮಾಡಿದ್ದರು. ಅದಕ್ಕೇ ವ್ಯತ್ಯಾಸ ಸರಿಯಾಗಿ ಒಂದೂವರೆ ಗಂಟೆ ಇತ್ತು. ಸೌದಿಯಿಂದ ಬಂದವರಾಗಿದ್ದರೆ ಎರಡೂವರೆ ಗಂಟೆ ಇರುತ್ತಿತ್ತು. ಏಳೋ ಹದಿಮೂರೋ ನಿಮಿಷ ವ್ಯತ್ಯಾಸವಿದ್ದರೆ ಝೋನ್ ಅಲ್ಲ, ಗಡಿಯಾರವೇ ತಪ್ಪಿದೆ.

ಭಾವ ಮೊದಲು ಮಾಡಿದ್ದು ನಮ್ಮಲ್ಲಿ ಹಲವರು ಮಾಡುವ ತಪ್ಪನ್ನೇ. ಝೋನ್ ಬಿಟ್ಟು ಗಂಟೆಯನ್ನೇ ಒಂದೂವರೆ ಮುಂದಕ್ಕೆ ತಳ್ಳಿದರು. ನೋಡಲು ಸರಿ. ಆದರೆ ಫೋನ್ ಇನ್ನೂ ದುಬೈಯಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ, ಅದರ ಮೂಲ ಸಮಯವೇ ಕೆಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ವಾಟ್ಸಾಪ್ ದಿನಾಂಕ ಸರಿಪಡಿಸಿ ಎಂದಿತು.

ಸರಿಯಾದ ದಾರಿ ಹೀಗೆ: ಸೆಟ್ಟಿಂಗ್ಸ್‌ನ Date & time ಗೆ ಹೋಗಿ, ಸಮಯ ಆಟೋಮ್ಯಾಟಿಕ್ ಆಗಿಯೇ ಇರಲಿ, ಝೋನ್ ಆಟೋಮ್ಯಾಟಿಕ್ ಆಗಿರುವುದನ್ನು ಮಾತ್ರ ಆಫ್ ಮಾಡಿ ಭಾರತವನ್ನು ಆರಿಸಿ. ಐಫೋನಿನಲ್ಲಿ General ಒಳಗೆ Date & Time ಇದೆ. ಅಲ್ಲಿ Set Automatically ಆಫ್ ಮಾಡಿ ಕೆಳಗಿನ Time Zone ನಲ್ಲಿ ನಮ್ಮ ದೇಶದ ಯಾವುದಾದರೂ ಊರನ್ನು ಕೊಟ್ಟರೆ ಸಾಕು, ಗಂಟೆಯನ್ನು ಮುಟ್ಟಬೇಡಿ.

ಇದೇ ಉಪಾಯ ರಸ್ತೆ ಮೂಲಕ ಎಮಿರೇಟ್ಸ್‌ನಿಂದ ಸೌದಿಗೆ ಹೋಗುವವರಿಗೂ ಬೇಕು. ಗುವೈಫಾತ್ ಮತ್ತು ಬತ್‌ಹಾ ಗಡಿಯ ಎರಡು ಕಡೆ ಒಂದು ಗಂಟೆ ವ್ಯತ್ಯಾಸ. ಟವರಿನ ಸಿಗ್ನಲ್ ಗಡಿಗೆ ನಿಲ್ಲುವುದಿಲ್ಲ, ಆಚೆ ಟವರ್ ಬಲವಾಗಿದ್ದರೆ ರೋಮಿಂಗ್ ಇರುವ ಫೋನ್ ಅದಕ್ಕೇ ಅಂಟಿ ಗಂಟೆ ಹಿಂದೆಮುಂದೆ ಆಗಬಹುದು. ಅಲ್ಲಿ ರಾತ್ರಿ ತಂಗುವುದಾದರೆ ನಿಂತಿರುವ ಕಡೆಯ ಝೋನನ್ನು ಕೈಯಾರೆ ಹಾಕಿ ಮಲಗಿ. ಗಡಿ ದಾಟಿ ದೂರ ಬಂದ ಮೇಲೆ ಮತ್ತೆ ಆಟೋಮ್ಯಾಟಿಕ್ ಮಾಡಿ. ಭಾವ ಇದನ್ನೇ ಮರೆತು ವಾಪಸ್ ದುಬೈಯಲ್ಲಿ ಇಳಿದವರು, ಮೊದಲ ದಿನ ಡ್ಯೂಟಿಗೆ ಒಂದೂವರೆ ಗಂಟೆ ಮೊದಲೇ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದರಂತೆ.