ನಾಲ್ಕನೇ ಶನಿವಾರದ ಲೆಕ್ಕ

2026ರ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿದ ಮೇಲೆ ನಾನು ಮೊದಲು ಹುಡುಕಿದ್ದು ಕೆಂಪು ಅಂಕಿಗಳನ್ನಲ್ಲ, ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನು. ನಮ್ಮ ಮನೆಯಲ್ಲಿ ಸಂಬಳ ಸರ್ಕಾರಿ ಕಚೇರಿಯಿಂದ ಬರುತ್ತದೆ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆ ಮಾಡಿತು. ಅದರ ಜೊತೆಗೇ ವರ್ಷದ ಸಿ.ಎಲ್. ಹದಿನೈದರಿಂದ ಹತ್ತಕ್ಕೆ ಇಳಿಯಿತು. ಅಂದಮೇಲೆ ಆ ಶನಿವಾರಗಳು ಪುಕ್ಕಟೆ ಸಿಕ್ಕವಲ್ಲ, ಐದು ಸಿ.ಎಲ್. ಕೊಟ್ಟು ಕೊಂಡವು. ಕೊಂಡದ್ದನ್ನು ಚೆನ್ನಾಗಿ ಬಳಸಬೇಕು ಎಂಬುದೇ ನನ್ನ ಆಸೆ.

ಹಾಗೆ ನೋಡಿದರೆ ಈ ವರ್ಷ ಒಂದೂ ಸಿ.ಎಲ್. ಹಾಕದೆ ಮೂರು ದಿನ ಒಟ್ಟಿಗೆ ಸಿಗುವ ಸಂದರ್ಭಗಳಲ್ಲಿ ನಾನು ಗುರುತು ಹಾಕಿಕೊಂಡದ್ದು ಮೂರು. ಗಣರಾಜ್ಯೋತ್ಸವ ಸೋಮವಾರ, ಅದರ ಹಿಂದಿನ ಶನಿವಾರ ಜನವರಿ 24 ನಾಲ್ಕನೆಯದು. ಗಣೇಶನ ಹಬ್ಬ ಸೆಪ್ಟೆಂಬರ್ 14, ಸೋಮವಾರ; ಹಿಂದಿನ ಶನಿವಾರ ಎರಡನೆಯದು. ಕ್ರಿಸ್‌ಮಸ್ ಶುಕ್ರವಾರ, ಮರುದಿನ ನಾಲ್ಕನೇ ಶನಿವಾರ. ಮೇ 1 ಮತ್ತು ಅಕ್ಟೋಬರ್ 2 ಕೂಡ ಶುಕ್ರವಾರವೇ, ಆದರೆ ಎರಡರ ಮರುದಿನವೂ ಮೊದಲನೇ ಶನಿವಾರ. ಅಲ್ಲಿ ಒಂದು ಸಿ.ಎಲ್. ಹೋಗುತ್ತದೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಈ ಲೆಕ್ಕ ತಿರುಗುಮುರುಗು: ಮೇ 1, ಅಕ್ಟೋಬರ್ 2 ಕಾನೂನಿನಂತೆ ಕೊಡಲೇಬೇಕಾದ ರಜೆಗಳು, ಕ್ರಿಸ್‌ಮಸ್ ಅವರ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಮಕ್ಕಳಿದ್ದರೆ ಶಾಲೆಗೆ ನಾಲ್ಕನೇ ಶನಿವಾರ ರಜೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಎಷ್ಟೋ ಮನೆಗಳ ಪ್ರವಾಸ ಮುರಿದುಬೀಳುವುದು ಅಲ್ಲಿಯೇ.

ಈ ಮೂರರಲ್ಲಿ ಗಣೇಶನ ಹಬ್ಬವನ್ನು ನಾನು ಪ್ರವಾಸಕ್ಕೆ ಎಣಿಸುವುದಿಲ್ಲ. ಗೌರಿ, ಕಡುಬು, ಮನೆಗೆ ಬರುವ ನೆಂಟರು. ಆ ಮೂರು ದಿನ ಮನೆಯವೇ. ಯುಗಾದಿಯೂ ಹಾಗೆಯೇ, ಹೊಸತೊಡಕಿನ ದಿನ ಊರು ಬಿಟ್ಟು ಹೋಗುವ ಮನಸ್ಸು ನಮ್ಮ ಕಡೆ ಯಾರಿಗೂ ಇಲ್ಲ. ಉಳಿದವುಗಳಲ್ಲಿ ಡಿಸೆಂಬರ್ 25, 26, 27ನ್ನು ಹಿಡಿದುಕೊಂಡೆ. ರೈಲಿನಲ್ಲಿ ಹೋಗುವವರಿಗೆ ಟಿಕೆಟ್ ಕಾಯ್ದಿರಿಸುವುದು ಅರವತ್ತು ದಿನ ಮೊದಲು ತೆರೆಯುತ್ತದೆ, ಅಂದರೆ ಅಕ್ಟೋಬರ್ 26ಕ್ಕೆ. ನಾವು ಕಾರಿನಲ್ಲಿ ಹೊರಡುವವರು, ಆದರೂ ಉಳಿಯುವ ಕೋಣೆಗೆ ಅದೇ ಹೊತ್ತಿಗೆ ಫೋನು ಮಾಡುವುದು ಒಳ್ಳೆಯದು.

ಎಲ್ಲಿಗೆ ಎಂಬುದಕ್ಕೆ ನನ್ನದು ಒಂದೇ ನಿಯಮ: ಬೆಂಗಳೂರಿನ ಕಡೆಗೆ ಮುಖ ಮಾಡಬಾರದು. ಸಾಲು ರಜೆಯ ಹಿಂದಿನ ಸಂಜೆ ರಾಜಧಾನಿಯ ಜನವೆಲ್ಲ ನೆಲಮಂಗಲದ ಬಾಯಿಯಿಂದ ಹೊರಗೆ ಬರುತ್ತಾರೆ. ನಾವು ಆ ಬಾಯಿಂದಾಚೆಗೆ ಇರುವವರು. ತುಮಕೂರಾಗಲಿ ಕುಣಿಗಲ್ಲಾಗಲಿ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಮುಂದಿವೆ, ಗುಬ್ಬಿ ಇನ್ನೂ 20 ಕಿ.ಮೀ. ಪಶ್ಚಿಮಕ್ಕಿದೆ. ಇಷ್ಟು ಮುಂದೆ ನಿಂತವರು ಪಶ್ಚಿಮಕ್ಕೇ ಹೋಗಬೇಕು. ಅದೃಷ್ಟವೆಂದರೆ ನಮಗೆ ಪಶ್ಚಿಮಕ್ಕೆ ಎರಡು ದಾರಿಗಳಿವೆ. ಗುಬ್ಬಿ, ತಿಪಟೂರು, ಅರಸೀಕೆರೆಯ ಮೇಲೆ ಒಂದು. ಕುಣಿಗಲ್, ಎಡೆಯೂರು, ಚನ್ನರಾಯಪಟ್ಟಣದ ಮೇಲೆ ಇನ್ನೊಂದು. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ನೋಡಿದ ದಾರಿಯನ್ನೇ ಮತ್ತೆ ನೋಡಬೇಕಿಲ್ಲ. ಆ ಸುತ್ತಿನ ತುದಿಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಕೂತಿವೆ.

ಇನ್ನು ಎಷ್ಟು ನೋಡುವುದು? ಮೂರು ದಿನ ಎಂದು ಎಣಿಸಿದರೆ ಆಸೆ ಹೆಚ್ಚುತ್ತದೆ, ಆರು ಅರ್ಧ ದಿನ ಎಂದು ಎಣಿಸಿದರೆ ತಿಳಿವಳಿಕೆ ಬರುತ್ತದೆ. ಮೊದಲ ಅರ್ಧವನ್ನೂ ಕೊನೆಯ ಅರ್ಧವನ್ನೂ ರಸ್ತೆ ತೆಗೆದುಕೊಳ್ಳುತ್ತದೆ. ಒಂದು ಅರ್ಧ ಖಾಲಿ ಇರಬೇಕು. ಉಳಿದದ್ದು ಮೂರು. ಅಂದರೆ ಹಳೇಬೀಡಿಗೆ ಒಂದು, ಬೇಲೂರಿಗೆ ಒಂದು, ಬೆಳಗೊಳಕ್ಕೆ ಒಂದು. ಲೆಕ್ಕ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ತುಮಕೂರು ಬಿಟ್ಟರೆ ತಿಂಡಿ ತಿಪಟೂರಿನಲ್ಲಿ. ಅಲ್ಲಿಂದ ಸ್ವಲ್ಪ ಬಳಸಿ ಅರಳಗುಪ್ಪೆಗೆ ಹೋಗಬಹುದು. ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ. ಹೊಯ್ಸಳರ ಕಲ್ಲನ್ನು ನೋಡುವ ಮೊದಲು ಅದಕ್ಕೂ ಹಿಂದಿನ ಈ ಕೆಲಸವನ್ನು ಕತ್ತೆತ್ತಿ ನೋಡಿದವರಿಗೆ ಮುಂದಿನದು ಬೇರೆಯಾಗಿಯೇ ಕಾಣುತ್ತದೆ. ದಾರಿಯಲ್ಲಿ ಸಿಗುವುದರಿಂದ ಇದನ್ನು ರಸ್ತೆಯ ಅರ್ಧದಲ್ಲಿಯೇ ಸೇರಿಸಿದ್ದೇನೆ. ಅರಸೀಕೆರೆಯಲ್ಲಿ ಊಟ ಮುಗಿಸಿ ಮೂರು ಗಂಟೆಯ ಹೊತ್ತಿಗೆ ಹಳೇಬೀಡು. ಹೊಯ್ಸಳೇಶ್ವರನನ್ನು ಮಧ್ಯಾಹ್ನದ ಮೇಲೆ ನೋಡುವುದಕ್ಕೆ ಕಾರಣವಿದೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದರೆ ಶಿಲ್ಪದ ಸಿರಿಯೆಲ್ಲ ಬೆನ್ನಿನ ಗೋಡೆಯಲ್ಲಿದೆ. ಇಳಿಬಿಸಿಲು ಬೀಳುವುದು ಅದರ ಮೇಲೆಯೇ. ಬೆಳಿಗ್ಗೆ ಬಂದವರು ಆ ಗೋಡೆಯನ್ನು ನೆರಳಿನಲ್ಲಿ ನೋಡಿ ಹೋಗುತ್ತಾರೆ.

ರಾತ್ರಿ ಬೇಲೂರಿಗೆ, ಬರೀ 16 ಕಿ.ಮೀ. ಇಲ್ಲಿ ತಂಗುವುದು ಮುಖ್ಯ. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ಹೊತ್ತೇರಿದಂತೆ ಬಸ್ಸಿನ ಮೇಲೆ ಬಸ್ಸು ಬರುತ್ತದೆ. ಊರಲ್ಲೇ ಮಲಗಿದವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ 1117ರ ಚೆನ್ನಕೇಶವನ ಜಗುಲಿಯಲ್ಲಿರಬಹುದು, ಮದನಿಕೆಯರನ್ನು ಒಬ್ಬೊಬ್ಬರಾಗಿ ನೋಡಬಹುದು. ಪೂಜೆ ನಡೆಯುವ ದೇವಸ್ಥಾನವಾದ್ದರಿಂದ ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ನೋಡಿ ಮುಗಿದಿರುತ್ತದೆ.

ಪ್ರವಾಸದ ಪರೀಕ್ಷೆ ನಡೆಯುವುದು ಇದಾದ ಮೇಲೆ. "ಇಲ್ಲೀತನಕ ಬಂದು ಮುಳ್ಳಯ್ಯನಗಿರಿ ನೋಡ್ದೆ ಹೋಗೋದಾ ಭಾವ? ಚಿಕ್ಕಮಗಳೂರು ಇಲ್ಲೇ ಇಪ್ಪತ್ತೈದು ಕಿಲೋಮೀಟರ್" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದೂರ ನಿಜ, ಆದರೆ ಬೆಟ್ಟದ ಮೇಲಿನ ರಸ್ತೆ ಕಿರಿದು. ಸಾಲು ರಜೆಯಲ್ಲಿ ಅಲ್ಲಿ ಕಾರುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಕಿಲೋಮೀಟರಿನಲ್ಲಿ ಹತ್ತಿರವಿರುವ ಗಿರಿ ಗಂಟೆಯಲ್ಲಿ ದೂರ. ಅದಕ್ಕೆ ಹೋದರೆ ಖಾಲಿ ಇಟ್ಟ ಅರ್ಧ ದಿನವಷ್ಟೇ ಅಲ್ಲ, ರಾತ್ರಿಯ ನಿದ್ದೆಯೂ ಮರುದಿನದ ಬೆಳಗೂ ಹೋಗುತ್ತವೆ. ಗಿರಿಗೆ ಗಿರಿಯದೇ ಮೂರು ದಿನ ಕೊಡಬೇಕು. ಹೆಚ್ಚು ತುಂಬಿಕೊಂಡೆವೆಂದು ತಿಳಿಯುವ ಗುರುತುಗಳೂ ಇವೆ: ಮಧ್ಯಾಹ್ನದ ಊಟ ಮೂರು ಗಂಟೆ ದಾಟುತ್ತದೆ, ಮಕ್ಕಳು "ನೀವು ನೋಡ್ಕೊಂಡ್ ಬನ್ನಿ" ಎಂದು ಕಾರಿನಿಂದ ಇಳಿಯುವುದಿಲ್ಲ, ಅಮ್ಮ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ.

ಆದ್ದರಿಂದ ಶನಿವಾರ ಮಧ್ಯಾಹ್ನ ಹಾಸನದಲ್ಲಿ ನಿಧಾನವಾಗಿ ಊಟ, ಸಂಜೆಗೆ ಶ್ರವಣಬೆಳಗೊಳ, ಕಲ್ಯಾಣಿಯ ದಂಡೆಯಲ್ಲಿ ಸುಮ್ಮನೆ ಕೂರುವುದು. ಎದುರಿನ ಚಿಕ್ಕಬೆಟ್ಟ ಕರೆದರೆ, ಕಾಲಿಗೆ ಮನಸ್ಸಿದ್ದವರು ಹತ್ತಲಿ. ಭಾನುವಾರ ಬಿಸಿಲೇರುವ ಮೊದಲೇ ದೊಡ್ಡಬೆಟ್ಟ ಹತ್ತಬೇಕು. ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳು, ಬರಿಗಾಲು. ಬಂಡೆ ಕಾದ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಗೊಮ್ಮಟನ ಪಾದದ ಬಳಿ ಅರ್ಧ ಗಂಟೆಯಾದರೂ ನಿಲ್ಲಲು ಬಿಡುವಿರಲೆಂದೇ ಉಳಿದದ್ದನ್ನೆಲ್ಲ ಬಿಟ್ಟು ಬಂದಿರುವುದು.

ಹತ್ತು ಗಂಟೆಗೆ ಕೆಳಗಿಳಿದು ಹೊರಟರೆ ಹೆದ್ದಾರಿಯಲ್ಲಿ ಬೆಂಗಳೂರಿಗೆ ಮರಳುವ ಸಂಜೆಯ ಸಾಲು ಇನ್ನೂ ಶುರುವಾಗಿರುವುದಿಲ್ಲ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ದಾಸೋಹದ ಊಟ ಮಾಡಿ, ಕುಣಿಗಲ್ಲಿನಲ್ಲಿ ಎಡಕ್ಕೆ ತಿರುಗಿದರೆ ತುಮಕೂರಿಗೆ ಸುಮಾರು 36 ಕಿ.ಮೀ. ನಾಲ್ಕು ಗಂಟೆಗೆ ಮನೆ. ಬಟ್ಟೆ ಒಗೆದು ಹರವಲು, ಸೋಮವಾರದ ಡಬ್ಬಿಗೆ ತರಕಾರಿ ತರಲು ಹೊತ್ತಿರುತ್ತದೆ. ಹತ್ತು ಸಿ.ಎಲ್. ಹತ್ತಾಗಿಯೇ ಉಳಿದಿರುತ್ತವೆ.