"ನಡತಿ ಛಲೋ ಐತಿ" ಅಂದ್ರ ಏನ ತಿಳೀತು?

ಕನ್ಯಾ ನೋಡಾಕ ಹೋದಾಗ ನಡುವಿನವ್ರು "ಹುಡುಗಿ ಗುಣಾ ಭಾಳ ಛಲೋ ಐತ್ರಿ" ಅಂತಾರ. ಆ ಮಾತು ಕೇಳಿ ಯಾರಿಗೂ ಏನೂ ತಿಳಿಯೂದಿಲ್ಲ. ಅದಕ್ಕ ನಾವು ಹೆಣ್ಮಕ್ಕಳು ಆಜೂಬಾಜೂದವ್ರನ್ನ ಕೇಳ್ತೀವಿ. ಮನ್ಯಾಗ ಯಾರರೆ ಹಾಸಿಗಿ ಹಿಡದಾಗ ಯಾರು ನೋಡ್ಕೊಂಡ್ರು, ಸಿಟ್ಟು ಬಂದಾಗ ಹೆಂಗ ಇರತಾಳ, ಹಿಂಗ. ಆದ್ರ ಅದs ನಾವು ಆಫೀಸಿನ್ಯಾಗ ಕುಂತು ನಮ್ಮ ಕೈಕೆಳಗಿನವ್ರ ಅಪ್ರೈಸಲ್ ಫಾರ್ಮ ತುಂಬೂ ಹೊತ್ತಿನ್ಯಾಗ "ನಡತಿ ಛಲೋ ಐತಿ, ಶ್ರದ್ಧೆಯಿಂದ ಕೆಲಸ ಮಾಡ್ತಾರ" ಅಂತ ಬರದು ಸಹಿ ಹಾಕಿ ಬಿಡತೀವಿ. ಒಬ್ಬಾಕಿ ಪಗಾರು, ಬಡ್ತಿ, ಮುಂದಿನ ವರ್ಷದ ನೌಕರಿ ಎಲ್ಲಾ ಆ ಒಂದು ಸಾಲಿನ ಮ್ಯಾಲೆ ನಿಂತಿರತಾವು.

ನನ್ನ ತಂಗಿ ಮಗಳು ಒಂದು ದವಾಖಾನಿ ಮೆಡಿಸಿನ್ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಆಗ್ಯಾಳ. ಮಾರ್ಚ್ ತಿಂಗಳಿನ್ಯಾಗ ತನ್ನ ಕೈಕೆಳಗಿನ ನರ್ಸ್‌ಗಳ ಅಪ್ರೈಸಲ್ ಕರಡು ಬರಕೊಂಡು ನನ್ನ ಹತ್ರ ಬಂದಳು. ನಾನೂ ನರ್ಸಿಂಗ್ ಸೂಪರ್‌ವೈಸರ್ ಆಗಿ ಇಂಥಾ ಕಾಗದ ರಗಡ ನೋಡಿದಾಕಿ. ಹೆಸರು ಯಾರಿಗೂ ಕಾಣಬಾರದು ಅಂತ ಎರಡೂ ಕಾಗದದ ಮ್ಯಾಲಿನ ತುದಿ ಮಡಿಚಿ ಕೊಟ್ಟಿದ್ಲು. ಅದು ಛಲೋನs ಆತು.

ಮೊದಲನೇ ಕಾಗದದಾಗ ಇದ್ದದ್ದು ಇಷ್ಟು: "ಒಳ್ಳೆಯ ಮನೋಭಾವ ಇದೆ. ಸದಾ ನಗುಮುಖ. ಕಷ್ಟಪಟ್ಟು ಕೆಲಸ ಮಾಡುತ್ತಾರೆ. ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾರೆ." ಎರಡನೇದ್ರಾಗ: "ಕೆಲಸ ಬರುತ್ತದೆ. ಆದರೆ ಆಟಿಟ್ಯೂಡ್ ಸರಿ ಇಲ್ಲ. ಹಿರಿಯರೊಂದಿಗೆ ವಾದ ಮಾಡುತ್ತಾರೆ. ಸುಧಾರಿಸಬೇಕು." ಮೊದಲನೇದಾಕಿಗೆ ಇನ್ಕ್ರಿಮೆಂಟ್ ಶಿಫಾರಸು ಆಗಿತ್ತು. ಎರಡನೇದಾಕಿದು ಕಾಂಟ್ರ್ಯಾಕ್ಟ್ ನೌಕರಿ, ಮುಂದುವರಸೂದು ಬಿಡೂದು ಈ ಕಾಗದದ ಮ್ಯಾಲೇ ಇತ್ತು.

ನಾ ಆಕಿಗೆ ಒಂದು ಪೆನ್ಸಿಲ್ ಕೊಟ್ಟೆ. "ಈ ಸಾಲು ನಿಮ್ಮ ವಾರ್ಡಿನ ಬ್ಯಾರೆ ಯಾವ ನರ್ಸ್ ಹೆಸರಿನ ಕೆಳಗ ಇಟ್ರೂ ಕುಂಡರತೈತೇನು ನೋಡು. ಕುಂಡರತಿದ್ರ ಅದರ ಕೆಳಗ ಗೆರಿ ಎಳಿ" ಅಂದೆ. ಮೊದಲನೇ ಕಾಗದದಾಗ ನಾಕೂ ಸಾಲಿಗೆ ಗೆರಿ ಬಿತ್ತು. ಎರಡನೇದ್ರಾಗೂ ನಾಕಕ್ಕೆ ನಾಕು.

"ದೊಡ್ಡವ್ವಾ, ಹಂಗಾರ ಉಳೀತೇನು?" ಅಂತ ಆಕಿ ಕೇಳಿದ್ಲು.

"ಇನ್ನs ಬರಿಬೇಕಾಗೇತಿ. ಗೆರಿ ಬಿದ್ದ ಒಂದೊಂದು ಮಾತಿಗೂ ಮೂರು ಪ್ರಶ್ನೆ ಕೇಳು. ಆಕಿ ಏನ ಮಾಡಿದ್ಲು? ಯಾವಾಗ, ಎಷ್ಟು ಸಲ? ಅದರಿಂದ ಏನಾತು? ಆಮ್ಯಾಲೆ, ಇದು ಎಲ್ಲಿ ಬರದೈತಿ ಅಂತ ನೋಡು."

ವಾರ್ಡಿನ್ಯಾಗ ಬರದದ್ದಕ್ಕ ಬರ ಇಲ್ಲ. ಡ್ಯೂಟಿ ರೋಸ್ಟರ್ ಇರತೈತಿ, ಹ್ಯಾಂಡೋವರ್ ಬುಕ್ ಇರತೈತಿ, ಎಮರ್ಜೆನ್ಸಿ ಟ್ರಾಲಿ ದಿನಾ ಚೆಕ್ ಮಾಡಿ ಸಹಿ ಹಾಕೂ ಹಾಳಿ ಇರತೈತಿ, ಪೇಶಂಟ್ ಫೈಲಿನ್ಯಾಗ ನರ್ಸ್ ನೋಟ್ಸ್ ಇರತಾವು. ಮರುದಿನ ಆಕಿ ಡ್ಯೂಟಿ ಮುಗಿಸಿ ಅವನ್ನೆಲ್ಲಾ ವಾರ್ಡಿನ್ಯಾಗs ತಗದು ನೋಡಿ, ಬೇಕಾದಷ್ಟು ಬರಕೊಂಡು ಬಂದಳು.

"ಕಷ್ಟಪಟ್ಟು ಕೆಲಸ ಮಾಡ್ತಾರ" ಅನ್ನೂದಕ್ಕ ರೋಸ್ಟರ್ ಉತ್ತರ ಕೊಟ್ಟಿತ್ತು. ಮೊದಲನೇದಾಕಿ ಆ ವರ್ಷ 11 ಸಲ ಬ್ಯಾರೇವ್ರ ರಾತ್ರಿ ಪಾಳಿ ತಾ ಮಾಡಿದ್ಲು. ಟ್ರಾಲಿ ಹಾಳಿಯೊಳಗ ಇನ್ನೊಂದು ಸಿಕ್ಕಿತು. ಆಗಸ್ಟ್ ತಿಂಗಳಿನ್ಯಾಗ ಅವಧಿ ಮುಗದ ಅಡ್ರಿನಲಿನ್ ಇಂಜೆಕ್ಷನ್ ಟ್ರಾಲ್ಯಾಗಿದ್ದದ್ದು ಆಕಿ ಕಣ್ಣಿಗೆ ಬಿದ್ದು, ಅದs ದಿನ ಬದಲಿ ಮಾಡಿಸಿದ್ಲು. ಒಬ್ಬರ ಎದಿ ಬಡಿತ ನಿಂತಾಗ ಕೈ ಹಾಕೂದು ಆ ಟ್ರಾಲಿಗೇ. "ಒಳ್ಳೆಯ ಮನೋಭಾವ" ಅಂತ ಬರದಿದ್ರ ಈ ಕೆಲಸ ಯಾರಿಗೂ ಗೊತ್ತs ಆಗತಿರಲಿಲ್ಲ.

ಆದ್ರ ಪುರಾವೆ ಅಂದ್ರ ಬರೇ ಹೊಗಳಿಕಿಗೆ ಬೇಕಾದದ್ದನ್ನ ಆರಿಸಿ ತರೂದಲ್ಲ. ಅದಕ್ಕ ಮೊದಲs ಹೇಳಿ ಕಳಿಸಿದ್ದೆ, ಆಕಿ ನೋಡಿದ ಪೇಶಂಟ್‌ಗಳ ಫೈಲಿನ್ಯಾಗ 10 ತಗಿ, ಆದ್ರ ಆರಿಸಬ್ಯಾಡ, ವರ್ಷದ ಬ್ಯಾರೆ ಬ್ಯಾರೆ ತಿಂಗಳಿನ್ಯಾಗ ಕೈಗೆ ಸಿಕ್ಕದ್ದು ತಗಿ ಅಂತ. ಆ 10ರೊಳಗ 4ರಾಗ ಕೈಗೆ ಹಾಕಿದ ಸಲೈನ್ ಕ್ಯಾನುಲಾ ಯಾವತ್ತು ಹಾಕಿದ್ದು ಅಂತ ದಿನಾಂಕ ಬರದಿರಲಿಲ್ಲ. ದಿನಾಂಕ ಇಲ್ಲಂದ್ರ ಅದು ಎಷ್ಟು ದಿನದ್ದು ಅಂತ ಮುಂದಿನ ಪಾಳಿಯಾಕಿಗೆ ಗೊತ್ತಾಗೂದಿಲ್ಲ. ಕೈ ಕೆಂಪಾಗಿ ಬಾತ ಮ್ಯಾಲೆನ ಲಕ್ಷ್ಯ ಹೋಗತೈತಿ. ನಗುಮುಖದ ಹಿಂದ ಇದೂ ಮುಚ್ಚಿ ಹೋಗಿತ್ತು. ಬರದ್ರ ಆಕಿಗೇನೂ ನುಕ್ಸಾನಿಲ್ಲ, ಒಂದು ತಿಂಗಳಿನ್ಯಾಗ ತಿದ್ದಿಕೊಳ್ಳೂ ಮಾತು. "ಸದಾ ನಗುಮುಖ" ಅನ್ನೂ ಸಾಲು ಅಳಿಸಿಬಿಟ್ವಿ. ಗಂಡು ನರ್ಸ್ ಇದ್ದಿದ್ರ ನಗುಮುಖ ಅಂತ ಯಾರೂ ಬರೀತಿರಲಿಲ್ಲ, ಅಲ್ಲೇನ್ರಿ?

ಇನ್ನ ಎರಡನೇದಾಕಿ. "ಆಟಿಟ್ಯೂಡ್ ಸರಿ ಇಲ್ಲ" ಅನ್ನೂ ಮಾತಿಗೂ ಅವs ಮೂರು ಪ್ರಶ್ನೆ. ಛಲೋ ಅನ್ನಾಕ ಪುರಾವೆ ಕೇಳಿ ಕೆಟ್ಟ ಅನ್ನಾಕ ಕೇಳದಿದ್ರ ಅದು ನ್ಯಾಯ ಅಲ್ಲ. "ಯಾವಾಗ ವಾದ ಮಾಡಿದ್ಲು, ನೆನಪು ಮಾಡಿ ಹೇಳು" ಅಂದೆ. ನೆನಪು ಮಾಡಿ ಮಾಡಿ ಮೂರು ಪ್ರಸಂಗ ಹೇಳಿದ್ಲು.

ಒಂದು, ರಾತ್ರಿ ಡಾಕ್ಟರು ಫೋನಿನ್ಯಾಗ ಒಂದು ಇಂಜೆಕ್ಷನ್ ಹೇಳಿದ್ರು. ಈಕಿ ಔಷಧದ ಹೆಸರು, ಪ್ರಮಾಣ ಹೊಳ್ಳಿ ಓದಿ ಹೇಳಿ, "ಹೌದೇನ್ರಿ ಡಾಕ್ಟರ್?" ಅಂತ ಕೇಳಿದ್ಲು. ಆಮ್ಯಾಲೆ ಬರದು ಸಹಿ ಹಾಕ್ರಿ ಅಂತ ಬೆನ್ನು ಹತ್ತಿದ್ಲು. ಡಾಕ್ಟರಿಗೆ ಸಿಟ್ಟು ಬಂತು. ಎರಡು, ಒಬ್ಬ ಅಜ್ಜಗ ಊಟದ ಮೊದ್ಲು 10 ಯೂನಿಟ್ ಇನ್ಸುಲಿನ್ ಅಂತ ಚಾರ್ಟಿನ್ಯಾಗ ಇತ್ತು. ಈಕಿ ಚುಚ್ಚೂ ಮುಂದ ಶುಗರ್ ನೋಡಿದ್ರ 64. ಹಿರಿಯ ಸಿಸ್ಟರ್ "ಚಾರ್ಟಿನ್ಯಾಗ ಇದ್ದದ್ದು ಕೊಡು" ಅಂದ್ರ ಈಕಿ ಕೊಡಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದ್ಲು, ಅವರು ತಡಿರಿ ಅಂದ್ರು, ಅಜ್ಜಗ ಗ್ಲುಕೋಸ್ ಕುಡಿಸಿ 15 ನಿಮಿಷದ ಮ್ಯಾಲೆ ಹೊಳ್ಳಿ ಶುಗರ್ ನೋಡಿದ್ಲು. ಎಲ್ಲಾ ನರ್ಸ್ ನೋಟ್ಸ್‌ನ್ಯಾಗ ವ್ಯಾಳ್ಯಾ ಸಮೇತ ಬರದೈತಿ. ಮೂರು, ಜುಲೈದಾಗ ಒಂದು ಸಂಜಿ ಹ್ಯಾಂಡೋವರ್ ಮಾಡೂ ಮುಂದ ಪೇಶಂಟ್ ಮನಿಯವ್ರ ಎದುರಿಗೆ ಒಬ್ಬ ಹೊಸ ಹುಡುಗಿಗೆ ಜೋರಾಗಿ ಬೈದಿದ್ಲು.

ಹೇಳ್ತಾ ಹೇಳ್ತಾ ಆಕೀಗೇ ತಿಳೀತು. ಸುಮ್ಮ ಕುಂತಳು. ಶುಗರ್ 70ಕ್ಕಿಂತ ಕೆಳಗ ಇದ್ದಾಗ ಇನ್ಸುಲಿನ್ ಚುಚ್ಚಿದ್ರ ಆ ಅಜ್ಜನ ಗತಿ ಏನಾಗತಿತ್ತು ಅಂತ ನರ್ಸ್ ಆದಾಕಿಗೆ ಹೇಳಿ ಕೊಡಬೇಕೇನು? ಫೋನಿನ ಆರ್ಡರ್ ಹೊಳ್ಳಿ ಓದಿ ಹೇಳಬೇಕು, ಆಮ್ಯಾಲೆ ಡಾಕ್ಟರ ಸಹಿ ತಗೋಬೇಕು ಅನ್ನೂದು ನಾವs ಎಲ್ಲಾರಿಗೂ ಕಲಿಸೂ ಪದ್ಧತಿ. ಮೂರರಾಗ ಎರಡು ಪ್ರಸಂಗ ಆಕಿ ಕೆಲಸದ ಗಟ್ಟಿತನಕ್ಕ ಸಾಕ್ಷಿ ಆಗಿದ್ವು. ಒಂದು ಖರೇನ ತಪ್ಪು. ಮೂರನ್ನೂ ಕೂಡಿಸಿ ಕಟ್ಟಿದ ಗಂಟಿಗೆ "ಆಟಿಟ್ಯೂಡ್" ಅಂತ ಹೆಸರಿಟ್ಟಿದ್ರು, ಅಷ್ಟs.

ಗಂಟು ಬಿಚ್ಚಿ ಹಿಂಗ ಬರಿಸಿದೆ: "ನವೆಂಬರ್‌ನಲ್ಲಿ ರೋಗಿಯ ಶುಗರ್ 64 ಇದ್ದಾಗ ಇನ್ಸುಲಿನ್ ತಡೆಹಿಡಿದು ವೈದ್ಯರಿಗೆ ತಿಳಿಸಿದರು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ ದಾಖಲಿಸಿದರು. ಫೋನ್ ಆರ್ಡರ್‌ಗಳನ್ನು ಓದಿ ಖಚಿತಪಡಿಸಿ ಸಹಿ ಪಡೆಯುತ್ತಾರೆ. ಜುಲೈನಲ್ಲಿ ಒಮ್ಮೆ ರೋಗಿಯ ಕಡೆಯವರ ಎದುರು ಕಿರಿಯ ನರ್ಸ್‌ಗೆ ಏರುದನಿಯಲ್ಲಿ ಮಾತನಾಡಿದರು. ತಪ್ಪು ತಿಳಿಸುವುದನ್ನು ನರ್ಸಿಂಗ್ ಸ್ಟೇಷನ್ನಿನ ಒಳಗೆ ಮಾಡಬೇಕು." ಪೇಶಂಟ್ ಹೆಸರು ಮಾತ್ರ ಎಲ್ಲೂ ಬರಸಲಿಲ್ಲ. ಅದು ಅವರ ಮನಿ ವಿಷಯ, ನಮ್ಮ ಕಾಗದದಾಗ ಬರಬಾರದು.

ಕಡೀಕ ಪ್ರತಿ ಪ್ರಸಂಗದ ಬಾಜೂಕ ತಿಂಗಳು ಬರಿ ಅಂದೆ. ಈ ಕೆಲಸ ಮಾಡೇ ನೋಡಬೇಕು. ನೆನಪಿನಿಂದ ಬರದ್ರ ಎಲ್ಲಾ ಫೆಬ್ರುವರಿ, ಮಾರ್ಚಿನ ಸುದ್ದೀನs ಬರತಾವು, ಯಾಕಂದ್ರ ಮನಸಿನ್ಯಾಗ ಹಸಿ ಇರೂದು ಅವೇ. ಏಪ್ರಿಲ್‌ನಿಂದ ಡಿಸೆಂಬರ್ ತನಕಾ ದುಡದದ್ದು ಹಂಗs ಹೋಗತೈತಿ. ತಿಂಗಳು ಬರದಾಗ ಖಾಲಿ ಜಾಗ ಕಣ್ಣಿಗೆ ಕಾಣತೈತಿ. ಈಗ ಆಕಿ ಒಂದು ನೋಟ್‌ಬುಕ್ ಇಟ್ಟಾಳ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಹೆಸರಿನ ಮುಂದ ಒಂದು ಸಾಲು, ಛಲೋ ಇರಲಿ ಕೆಟ್ಟ ಇರಲಿ.

ಇದಕ್ಕೂ ಒಂದು ಮಿತಿ ಐತ್ರಿ. ರಜಿಸ್ಟರ್‌ನ್ಯಾಗ ಇದ್ದದ್ದಷ್ಟs ಖರೆ ಅಂದ್ಕೊಂಡ್ರ ಇನ್ನೊಂದು ಅನ್ಯಾಯ ಆಗತೈತಿ. ತನ್ನ ಕೈಯಿಂದ ಆದ ಸಣ್ಣ ತಪ್ಪನ್ನೂ ಪ್ರಾಮಾಣಿಕವಾಗಿ ಇನ್ಸಿಡೆಂಟ್ ಫಾರ್ಮಿನ್ಯಾಗ ಬರಿಯಾಕಿ ಹೆಸರಿನ್ಯಾಗs ಎಲ್ಲಾರಿಗಿಂತ ಹೆಚ್ಚು ತಪ್ಪು ಕಾಣತಾವು. ಮುಚ್ಚಿಡಾಕಿ ಸ್ವಚ್ಛ ಕಾಣತಾಳ. ಅದಕ್ಕ ಆ ಫಾರ್ಮ ಎಣಿಸಿ ಅಂಕಿ ಹಾಕಬಾರದು. ಮತ್ತ, ರಾತ್ರಿ ಅಳೂ ಮುದುಕಿ ಕೈ ಹಿಡಕೊಂಡು ಕುಂತದ್ದು ಯಾವ ಪುಸ್ತಕದಾಗೂ ಬರೂದಿಲ್ಲ. ಇನ್‌ಚಾರ್ಜ್ ತಾ ಕಣ್ಣಾರೆ ನೋಡಿದ್ರ ದಿನಾಂಕ ಹಾಕಿ, ನೋಡಿದ್ದನ್ನ ಬರೀಬೇಕು. "ಕರುಣೆ ಇದೆ" ಅಂತ ಬರದ್ರ ಹೊಳ್ಳಿ ಅದs ಗೆರಿ ಬೀಳೂ ಸಾಲು.

ಸರಕಾರಿ ನೌಕರಿಯೊಳಗ "ಗುಡ್" ಅನ್ನೂ ಒಂದು ಶಬ್ದ ಒಬ್ಬರ ಬಡ್ತೀನs ನಿಲ್ಲಿಸಿದ್ದುಂಟು. ಬಾರ್ಡರ್ ರೋಡ್ಸ್‌ನ ಎಂಜಿನಿಯರ್ ದೇವ್ ದತ್ ಅನ್ನೂವ್ರಿಗೆ ಒಂದು ವರ್ಷದ ವರದಿಯೊಳಗ "ಗುಡ್" ಅಂತ ಬಂದಿತ್ತು. ಬಡ್ತಿಗೆ "ವೆರಿ ಗುಡ್" ಬೇಕಾಗಿತ್ತು. ಅವರಿಗೆ ಆ ಸಾಲು ತಿಳಿಸಿರಲೂ ಇಲ್ಲ. 2008ರಾಗ ಸುಪ್ರೀಂ ಕೋರ್ಟ್, ವರದಿಯೊಳಗ ಏನ ಬರದಿದ್ರೂ, ಛಲೋ ಇರಲಿ ಕೆಟ್ಟ ಇರಲಿ, ಆ ನೌಕರಗ ತಿಳಿಸಬೇಕು ಅಂತ ಹೇಳಿತು. ತಿಳಿಸಿದ್ರ ಅಲ್ಲೇನು ಆತ ಉತ್ತರ ಕೊಡೂದು?

ಆ ಉತ್ತರ ಕೊಡಾಕ ಬರೂದು ಪುರಾವೆ ಬರದಾಗಷ್ಟ. "ಆಟಿಟ್ಯೂಡ್ ಸರಿ ಇಲ್ಲ" ಅಂದ್ರ ಯಾರ ಏನ ಹೇಳಬೇಕು? "ಇಲ್ರಿ, ಸರಿ ಐತಿ" ಅನ್ನಬೇಕು, ಅದೂ ಇನ್ನೊಂದು ವಾದ ಆಗತೈತಿ. ಜುಲೈ ಅಂತ ಬರದಿದ್ದಕ್ಕ ನಮ್ಮ ಎರಡನೇದಾಕಿ ಫಾರ್ಮ ಓದಿ ನೌಕರರ ಅಭಿಪ್ರಾಯದ ಜಾಗಾದಾಗ ತನ್ನ ಮಾತು ಬರದಳು: ಬೈದದ್ದು ಖರೆ, ಆ ದಿನ ಎರಡು ಪಾಳಿ ಕೂಡಿಸಿ 14 ತಾಸು ಡ್ಯೂಟಿ ಆಗಿತ್ತು, ಮರುದಿನಾನ ಆ ಹುಡುಗಿಗೆ ಕ್ಷಮಾ ಕೇಳೇನಿ. ತಂಗಿ ಮಗಳು ರೋಸ್ಟರ್ ತಗದು ನೋಡಿದ್ಲು, 14 ತಾಸು ಖರೇನ ಇತ್ತು. ಎರಡನೇದಾಕಿ ಕಾಂಟ್ರ್ಯಾಕ್ಟ್ ಮುಂದುವರೀತು. ಮೊದಲನೇದಾಕಿಗೆ ಇನ್ಕ್ರಿಮೆಂಟ್ ಬಂತು, ಜೋಡಿ ಕ್ಯಾನುಲಾ ದಿನಾಂಕ ಬರಿಯೂ ಮಾತೂ ಬಂತು. ಒಬ್ಬಾಕೀಗೆ ಒಂದರ ಹಿಂದ ಒಂದು ಎರಡು ಪಾಳಿ ಹಾಕಬಾರದು ಅಂತ ವಾರ್ಡಿನ ರೋಸ್ಟರೂ ಬದಲಾತು.