ಬಿನ್ನವತ್ತಳೆಗೆ ಬಾರದ ಮಾತು

ಮಂಡ್ಯದ ಸಮೀಪದ ಯಲಿಯೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಹಿರಿಯ ಅಧ್ಯಾಪಕರೊಬ್ಬರು ವಯೋನಿವೃತ್ತಿ ಹೊಂದುವ ದಿನ ಹತ್ತಿರವಾಗಿತ್ತು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿಗಳ ಹೊಣೆಯನ್ನು ಉಳಿದವರು ಹಂಚಿಕೊಂಡರು. ಚೌಕಟ್ಟು ಹಾಕಿಸಿ ಅರ್ಪಿಸಬೇಕಾದ ಬಿನ್ನವತ್ತಳೆಯನ್ನು ಬರೆಯುವ ಕೆಲಸ ಕನ್ನಡದ ಅಧ್ಯಾಪಕಿಯ ಪಾಲಿಗೆ ಬಂದಿತು. ಆಕೆಗೂ ಆ ಹಿರಿಯರಿಗೂ ಒಂಬತ್ತು ವರ್ಷಗಳಿಂದ ಮಾತಿರಲಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಕನ್ನಡ ಬರೆಯುವವರು ಬೇರೆ ಯಾರೂ ಇರಲಿಲ್ಲ.

ಮಾತು ನಿಂತದ್ದು ಒಂದು ಸೋಮವಾರ. ಮಗುವಿಗೆ ಜ್ವರ ಬಂದು ರಾತ್ರಿಯಿಡೀ ಎಚ್ಚರವಾಗಿದ್ದ ಆಕೆ ಬೆಳಗಿನ ಬಸ್ಸು ತಪ್ಪಿಸಿಕೊಂಡು ಪ್ರಾರ್ಥನೆ ಮುಗಿಯುವ ಹೊತ್ತಿಗೆ ಶಾಲೆಗೆ ತಲುಪಿದಳು. ಸಾಲಾಗಿ ನಿಂತ ಮಕ್ಕಳೆದುರಿಗೆ ಆ ಹಿರಿಯರು, ಸಂಬಳಕ್ಕೆ ಮಾತ್ರ ಸಮಯಕ್ಕೆ ಸರಿಯಾಗಿ ಬರುವವರಿದ್ದಾರೆಂದು ಗಟ್ಟಿಯಾಗಿ ನುಡಿದರು. ಮಕ್ಕಳು ನಕ್ಕರು. ಅಂದಿನಿಂದ ಅವರಿಬ್ಬರ ನಡುವಿನ ವ್ಯವಹಾರವೆಲ್ಲ ಜವಾನನ ಕೈಯ ಚೀಟಿಗಳಲ್ಲಿ ನಡೆಯಿತು.

ಆಕೆ ಬರೆದ ಮೊದಲ ಕರಡು ರೂಢಿಯದೇ ಆಗಿತ್ತು: ಮೃದುಭಾಷಿಗಳು, ಅಜಾತಶತ್ರುಗಳು, ಸಜ್ಜನಿಕೆಯ ಸಾಕಾರಮೂರ್ತಿಗಳು. ಈ ಬಗೆಯ ಬರವಣಿಗೆಗೆ ನಮ್ಮಲ್ಲಿ ದೀರ್ಘವಾದ ವಂಶಾವಳಿಯಿದೆ. ಶಾಸನಗಳ ಪ್ರಶಸ್ತಿಭಾಗದಲ್ಲಿ ‘ಸಮಧಿಗತಪಂಚಮಹಾಶಬ್ದ’ ಎಂಬಂಥ ವಿಶೇಷಣಗಳು ಒಬ್ಬ ಸಾಮಂತನಿಂದ ಇನ್ನೊಬ್ಬನಿಗೆ ಹಾಗೆಯೇ ಸಾಗುತ್ತವೆ. ಅವು ಪದವಿಯನ್ನು ಹೇಳುತ್ತವೆಯೇ ಹೊರತು ಮನುಷ್ಯನನ್ನಲ್ಲ. ಶಿಲೆಯ ಮೇಲೆ ಅದು ಸಲ್ಲುತ್ತದೆ, ಓದುವವನು ಸಾಮಂತನನ್ನು ಕಂಡವನಲ್ಲ. ಶಾಲೆಯ ಸಭಾಂಗಣದಲ್ಲಿ ಕುಳಿತವರಾದರೋ ಆ ಮನುಷ್ಯರನ್ನು ದಿನವೂ ಕಂಡವರು. ಗದರುವ ದನಿಗೆ ಹೆಸರಾದವರನ್ನು ಮೃದುಭಾಷಿಗಳೆಂದು ಓದಿದೊಡನೆ ಹಿಂದಿನ ಸಾಲಿನಲ್ಲಿ ನಗೆ ಏಳುತ್ತದೆ. ಸ್ತುತಿಯ ರೂಪದಲ್ಲಿ ನಿಂದೆ ಹೊಳೆದರೆ ಆಲಂಕಾರಿಕರು ಅದನ್ನು ವ್ಯಾಜಸ್ತುತಿ ಎನ್ನುತ್ತಾರೆ. ಹೊಗಳುವವರ ಉದ್ದೇಶ ಏನೇ ಇರಲಿ, ಕೇಳುವವರು ಅದನ್ನು ವ್ಯಾಜಸ್ತುತಿಯಾಗಿಯೇ ಪೂರ್ತಿಗೊಳಿಸುತ್ತಾರೆ. ನಿವೃತ್ತರಾಗುವವರನ್ನು ಮಕ್ಕಳ ನಗೆಗೆ ಒಡ್ಡುವ ಆ ಕರಡು, ಸೋಮವಾರದ ಮಾತಿಗೆ ನಯವಾದ ಸೇಡಾಗುತ್ತಿತ್ತು. ಅದನ್ನು ಅರಿತು ಆಕೆ ಹಾಳೆಯನ್ನು ಹರಿದಳು.

ಎರಡನೆಯ ಬಾರಿ ಆಕೆ ವಿಶೇಷಣಗಳನ್ನು ಬಿಟ್ಟು, ತಾನು ಕಣ್ಣಾರೆ ಕಂಡ ಸಂಗತಿಗಳನ್ನಷ್ಟೇ ಪಟ್ಟಿಮಾಡಿದಳು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಾಗ ಅವರು ಬೆಳಿಗ್ಗೆ ಎಂಟಕ್ಕೇ ಬಂದು, ಹಿಂದುಳಿದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಕಬ್ಬು ಕಡಿಯುವ ಕಾಲದಲ್ಲಿ ಶಾಲೆ ಬಿಟ್ಟ ಹುಡುಗರ ಮನೆಗೆ ಹೋಗಿ ಕರೆತರುತ್ತಿದ್ದರು. ಅವರು ಕೂಡಿದ ಅಂಕಪಟ್ಟಿಯಲ್ಲಿ ಆಕೆ ಒಂದು ತಪ್ಪನ್ನೂ ಕಂಡಿರಲಿಲ್ಲ. ‘ಎಲ್ಲರಿಗೂ ಮಾರ್ಗದರ್ಶಕರು’ ಎಂಬುದು ಕಂಡದ್ದಲ್ಲವಾದ್ದರಿಂದ ಪಟ್ಟಿಯಿಂದ ಹೊರಗುಳಿಯಿತು. ಆ ಮೂರು ಸಂಗತಿಗಳೇ ಬಿನ್ನವತ್ತಳೆಯಾದುವು.

ಆದರೂ ಅದು ಅರ್ಧಸತ್ಯವೆಂಬ ಅಳುಕು ಆಕೆಗಿತ್ತು. ಹೇಳದೆ ಉಳಿದುದನ್ನು ಎಲ್ಲಿ ಹೇಳಬೇಕು? ಉತ್ತರ ಆಕೆಗೆ ಗುರುತಿದ್ದ ಕಥೆಯಲ್ಲಿಯೇ ಇತ್ತು. ಭೀಷ್ಮ ಕರ್ಣರು ಒಂದೇ ಪಕ್ಷದಲ್ಲಿದ್ದೂ ಒಬ್ಬರೊಡನೊಬ್ಬರು ಹೊಂದದವರು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಭೀಷ್ಮನು ತುಂಬಿದ ಸಭೆಯಲ್ಲಿ ಕರ್ಣನನ್ನು ಅರ್ಧರಥನೆಂದು ಎಣಿಸುತ್ತಾನೆ; ಭೀಷ್ಮನಿರುವವರೆಗೆ ತಾನು ಕಾದೆನೆಂದು ಕರ್ಣನು ಶಪಥಮಾಡುತ್ತಾನೆ. ಪಂಪನು ಸೇನಾಪತಿಯ ಪಟ್ಟಾಭಿಷೇಕದ ಸಂದರ್ಭದಲ್ಲಿ ಈ ಜಗಳವನ್ನು ಇನ್ನಷ್ಟು ತೀಕ್ಷ್ಣಗೊಳಿಸಿದ್ದಾನೆ. ಆದರೆ ಬೀಳ್ಕೊಡುಗೆ ನಡೆಯುವುದು ಸಭೆಯಲ್ಲಲ್ಲ. ಭೀಷ್ಮಪರ್ವದ ಕೊನೆಯಲ್ಲಿ ಎಲ್ಲರೂ ಹೊರಟುಹೋದ ಮೇಲೆ ಕರ್ಣನು ಶರಶಯ್ಯೆಯ ಬಳಿಗೆ ಬಂದು, ತಾನು ಭೀಷ್ಮನ ದ್ವೇಷಕ್ಕೆ ಪಾತ್ರನಾದ ರಾಧೇಯನೆಂದೇ ತನ್ನನ್ನು ಹೇಳಿಕೊಳ್ಳುತ್ತಾನೆ. ಭೀಷ್ಮನು ಕಾವಲಿನವರನ್ನು ದೂರ ಕಳುಹಿಸಿ, ಒಂದು ತೋಳಿನಿಂದ ಅವನನ್ನು ಅಪ್ಪಿ, ಕಟುವಾಗಿ ನುಡಿದುದನ್ನು ಮುಚ್ಚದೆ ಅದರ ಕಾರಣವನ್ನು ಹೇಳುತ್ತಾನೆ. ಕರ್ಣನ ಶೌರ್ಯವನ್ನೂ ದಾನವನ್ನೂ ಒಪ್ಪಿಕೊಳ್ಳುತ್ತಾನೆ. ಪಾಂಡವರೊಡನೆ ಸೇರೆಂಬ ಮಾತನ್ನು ಕರ್ಣನು ಒಪ್ಪುವುದಿಲ್ಲ. ಕೋಪದಲ್ಲಿ ಆಡಿದುದಕ್ಕೆ ಕ್ಷಮೆಯನ್ನು ಮಾತ್ರ ಬೇಡುತ್ತಾನೆ. ಭಿನ್ನಾಭಿಪ್ರಾಯ ಉಳಿದೇ ಬೀಳ್ಕೊಡುಗೆ ಪೂರ್ಣವಾಗುತ್ತದೆ.

ಹಾಗಾಗಿ ಆಕೆ ಇನ್ನೊಂದು ಹಾಳೆ ತೆಗೆದಳು. ಅದು ಸಭೆಗಲ್ಲ, ಅವರೊಬ್ಬರಿಗೆ. ಅಲ್ಲಿಯೂ ಎರಡು ವಾಕ್ಯಗಳು ಬಿದ್ದುಹೋದುವು. ‘ತಾವು ಯಾರ ಮನಸ್ಸನ್ನೂ ಲೆಕ್ಕಿಸಿದವರಲ್ಲ’ ಎಂದು ಬರೆದಿದ್ದಳು. ತನ್ನ ಮನಸ್ಸಿನ ವಿಷಯ ಆಕೆಗೆ ಗೊತ್ತಿತ್ತು, ಎಲ್ಲರ ವಿಷಯ ಗೊತ್ತಿರಲಿಲ್ಲ. ‘ಎಲ್ಲವನ್ನೂ ಕ್ಷಮಿಸಿದ್ದೇನೆ’ ಎಂದು ಬರೆದಿದ್ದಳು; ಅದು ನಿಜವೂ ಅಲ್ಲ, ಕೇಳದ ಕ್ಷಮೆಯನ್ನು ಎತ್ತರದಲ್ಲಿ ನಿಂತು ದಯಪಾಲಿಸಿದಂತೆಯೂ ಇತ್ತು. ತತ್ತ್ವಾರ್ಥಸೂತ್ರವು ಸತ್ಯವ್ರತವನ್ನು ದೃಢಪಡಿಸುವ ಭಾವನೆಗಳಲ್ಲಿ ಕ್ರೋಧತ್ಯಾಗದೊಡನೆ ಭಯತ್ಯಾಗವನ್ನೂ ಎಣಿಸುತ್ತದೆ. ಕೋಪವು ದೋಷವನ್ನು ಹಿಗ್ಗಿಸಿ ಸುಳ್ಳಾಡಿಸುತ್ತದೆ, ಅಂಜಿಕೆಯು ಗುಣವನ್ನು ಕಲ್ಪಿಸಿ ಸುಳ್ಳಾಡಿಸುತ್ತದೆ. ಹೊಡೆದುಹಾಕಿದ ಮೊದಲ ವಾಕ್ಯ ಕೋಪದ್ದು, ಹರಿದ ಮೊದಲ ಕರಡು ಅಂಜಿಕೆಯದು. ಉಳಿದ ಪತ್ರ ಹೀಗಿತ್ತು:

“ಮಾನ್ಯರೆ, ಒಂಬತ್ತು ವರ್ಷ ನಾವು ಒಂದೇ ಕೊಠಡಿಯಲ್ಲಿ ಮಾತಿಲ್ಲದೆ ಕುಳಿತೆವು. ನಮ್ಮ ನಡುವೆ ಸ್ನೇಹವಿತ್ತೆಂದು ಬರೆದರೆ ತಾವೇ ನಂಬಲಾರಿರಿ. ಮಕ್ಕಳೆದುರು ತಾವು ಆಡಿದ ಮಾತಿನ ನೋವು ನನ್ನಲ್ಲಿ ಇನ್ನೂ ಇದೆ. ಆಮೇಲೆ ಮಾತು ನಿಲ್ಲಿಸಿದವಳು ನಾನು. ಅದರಿಂದ ಶಾಲೆಯ ಹಲವು ಕೆಲಸಗಳು ತಡವಾದುವು, ಆ ತಪ್ಪು ನನ್ನದು. ತಮ್ಮ ಅಂಕಪಟ್ಟಿಗಳನ್ನು ನೋಡಿ, ನನ್ನ ಪಟ್ಟಿಯನ್ನು ಎರಡು ಬಾರಿ ಕೂಡುವುದನ್ನು ಕಲಿತೆ. ಆ ಅಭ್ಯಾಸ ನನ್ನೊಡನೆ ಉಳಿಯುತ್ತದೆ. ತಮ್ಮ ಆರೋಗ್ಯ ಚೆನ್ನಾಗಿರಲಿ. ಇತಿ, ಸಹೋದ್ಯೋಗಿ.”

ಸಮಾರಂಭದಲ್ಲಿ ಬಿನ್ನವತ್ತಳೆಯನ್ನು ಓದಿದಾಗ ಯಾರೂ ನಗಲಿಲ್ಲ. ಮನೆಯಿಂದ ಕರೆತಂದ ಹುಡುಗರ ಮಾತು ಬಂದಾಗ, ಅವರಲ್ಲೊಬ್ಬ, ಈಗ ಗದ್ದೆ ನೋಡಿಕೊಳ್ಳುವವನು, ಬಾಗಿಲ ಬಳಿಯಿಂದ ಮುಂದಕ್ಕೆ ಬಂದು ನಿಂತ. ಪತ್ರವನ್ನು ಆಕೆ ಸಭೆ ಮುಗಿದ ಮೇಲೆ, ಪೇಟ ತೆಗೆದು ಮೇಜಿನ ಮೇಲಿಟ್ಟು ಒಬ್ಬರೇ ಕುಳಿತಿದ್ದ ಅವರ ಕೈಗಿತ್ತಳು. ಅವರು ಕನ್ನಡಕ ಹಾಕಿಕೊಂಡು ಅಲ್ಲಿಯೇ ಓದಿದರು, ಕೊನೆಗೆ ತಲುಪಿ ಮತ್ತೆ ಮೊದಲಿಗೆ ಹೋದರು.

“ಅಂದು ಯಾಕೆ ತಡವಾಗಿತ್ತು, ಮೇಡಂ?”

“ಮಗುವಿಗೆ ಜ್ವರ ಇತ್ತು, ಸರ್.”

“ನೀವು ಹೇಳಲಿಲ್ಲ.”

“ತಾವು ಕೇಳಲಿಲ್ಲ.”

ಅವರು ಹೌದೆಂಬಂತೆ ತಲೆಯಾಡಿಸಿ, ಪತ್ರವನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಚೌಕಟ್ಟಿನ ಬಿನ್ನವತ್ತಳೆಯನ್ನು ಹೊತ್ತು ಜವಾನ ಮುಂದೆ ನಡೆದಿದ್ದ.